ಉತ್ತರ ಬಂತು, ಆದರೆ ಉತ್ತರ ಸಿಗಲಿಲ್ಲ



ಆಸ್ಪತ್ರೆಯಲ್ಲಿ ನಮ್ಮವರಿಗೆ ತೊಂದರೆಯಾದಾಗ ಮೊದಲೆಲ್ಲ ನಾವು ಮನೆಗೆ ಬಂದು ನೆರೆಯವರಲ್ಲಿ ಹೇಳಿಕೊಂಡು ಸುಮ್ಮನಾಗುತ್ತಿದ್ದೆವು. ಈಗ ಓದಿದ ಹೆಣ್ಣು ಮಕ್ಕಳು ಮನೆಯಲ್ಲಿದ್ದಾರೆ, ಕಾಗದ ತೆಗೆದುಕೊಂಡು ದೂರು ಬರೆದು ಕೊಡುತ್ತಾರೆ. ಒಂದೆರಡು ವಾರದಲ್ಲಿ ಲಕೋಟೆಯಲ್ಲಿ ಉತ್ತರವೂ ಬರುತ್ತದೆ. ಅದನ್ನು ಮನೆಮಂದಿಗೆಲ್ಲ ಗಟ್ಟಿಯಾಗಿ ಓದಿ ಹೇಳಿದ ಮೇಲೆ ಅಡುಗೆ ಮನೆಯಿಂದ ಒಂದು ಪ್ರಶ್ನೆ ಬರುತ್ತದೆ: "ಹಾಗಾದರೆ ಅವರು ಏನು ಹೇಳಿದ್ದು?" ಓದಿದವಳಿಗೂ ಗೊತ್ತಿರುವುದಿಲ್ಲ.

ಈ ತಿಂಗಳು ಅಂಥ ಒಂದು ಉತ್ತರದ ಬಗ್ಗೆ, ಅದನ್ನು ಹೇಗೆ ತಿದ್ದಿ ಬರೆಯಲಾಯಿತು ಎಂಬುದರ ಬಗ್ಗೆ ಬರೆಯುತ್ತೇನೆ. ದೂರು ಕೊಟ್ಟವರು ನಮ್ಮ ಭಾಗಮಂಡಲದ ಕಡೆಯವರು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅವರ ಹೆಸರಾಗಲಿ, ಪಟ್ಟಣದ ಆ ಖಾಸಗಿ ಆಸ್ಪತ್ರೆಯ ಹೆಸರಾಗಲಿ ಇಲ್ಲಿ ಬೇಡ.

ಆ ಆಸ್ಪತ್ರೆಯ ಕಚೇರಿಯಲ್ಲಿ ಕೆಲಸ ಮಾಡುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದು ಭಾನುವಾರ ಮನೆಗೆ ಬಂದಳು. ಹೆಸರುಗಳನ್ನು ಮುಚ್ಚಿ ನೆರಳಚ್ಚು ತೆಗೆದ ಎರಡು ಕಾಗದಗಳು ಅವಳ ಕೈಯಲ್ಲಿದ್ದವು. ಒಂದು, ಮಗಳೊಬ್ಬಳು ತನ್ನ ಉಮ್ಮನ ಬಗ್ಗೆ ಬರೆದ ಎರಡು ಪುಟದ ದೂರು. ಇನ್ನೊಂದು, ಕಚೇರಿಯವರು ಸಿದ್ಧಪಡಿಸಿದ ಉತ್ತರದ ಕರಡು. "ಟೀಚರ್, ಇದನ್ನು ಸ್ವಲ್ಪ ಒಳ್ಳೆಯ ಕನ್ನಡದಲ್ಲಿ ಮಾಡಿ ಕೊಡಿ, ನಮ್ಮ ಮೇಲಧಿಕಾರಿಯವರೇ ಕಳುಹಿಸಿದ್ದು" ಎಂದಳು. ಕರಡು ಹೀಗಿತ್ತು:

"ತಮ್ಮ ಉಲ್ಲೇಖಿತ ದೂರು ಅರ್ಜಿಯನ್ನು ಕೂಲಂಕಷವಾಗಿ ಪರಿಶೀಲಿಸಲಾಗಿದೆ. ಸದರಿ ದಿನ ರೋಗಿಗೆ ನಿಯಮಾನುಸಾರ ಸೂಕ್ತ ಚಿಕಿತ್ಸೆ ನೀಡಲಾಗಿರುತ್ತದೆ. ರೋಗಿಯು ಸಕ್ಕರೆ ಕಾಯಿಲೆಯ ಮಾತ್ರೆ ಸೇವಿಸಿ ಆಹಾರ ಸೇವಿಸದೇ ಇದ್ದುದೇ ಘಟನೆಗೆ ಕಾರಣವಾಗಿದ್ದು, ಸಿಬ್ಬಂದಿಯ ಕಡೆಯಿಂದ ಯಾವುದೇ ಕರ್ತವ್ಯ ಲೋಪ ಕಂಡುಬಂದಿರುವುದಿಲ್ಲ. ಆದಾಗ್ಯೂ ತಮಗೆ ಅನಾನುಕೂಲವಾಗಿದ್ದಲ್ಲಿ ವಿಷಾದಿಸುತ್ತಾ, ಮುಂದಿನ ದಿನಗಳಲ್ಲಿ ಸೂಕ್ತ ಕ್ರಮ ವಹಿಸಲಾಗುವುದೆಂದು ತಿಳಿಸಬಯಸುತ್ತೇವೆ."

ವ್ಯಾಕರಣದಲ್ಲಿ ತಪ್ಪಿಲ್ಲ. ಬೈಗುಳವೂ ಇಲ್ಲ. ಆದರೆ ಈ ಕಾಗದದಲ್ಲಿ ಒಬ್ಬ ಮನುಷ್ಯರಾದರೂ ಇದ್ದಾರೆಯೇ ನೋಡಿ. ಪರಿಶೀಲಿಸಿದವರು ಯಾರು? ಚಿಕಿತ್ಸೆ ನೀಡಿದವರು ಯಾರು? ಕ್ರಮ ವಹಿಸುವವರು ಯಾರು, ಯಾವಾಗ? ಎಲ್ಲವೂ "ಲಾಗಿದೆ", "ಲಾಗುವುದು". ಇಡೀ ಕಾಗದದಲ್ಲಿ ಏನಾದರೂ ಮಾಡಿದವರು ಒಬ್ಬರೇ, ಅದು ರೋಗಿ. ಮಾತ್ರೆ ತಿಂದದ್ದು ಅವರು, ಊಟ ಬಿಟ್ಟದ್ದು ಅವರು.

ನಡೆದ ಸಂಗತಿಯನ್ನು ಮಗಳ ದೂರಿನಿಂದಲೇ ಹೇಳುತ್ತೇನೆ. ಉಮ್ಮನಿಗೆ ಅರುವತ್ತೆಂಟು ವರ್ಷ, ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ. ಹೊಟ್ಟೆ ನೋವಿಗೆ ಸ್ಕ್ಯಾನಿಂಗ್ ಬರೆದುಕೊಟ್ಟಿದ್ದರು. "ಬೆಳಿಗ್ಗೆ ಒಂಬತ್ತಕ್ಕೆ ಖಾಲಿ ಹೊಟ್ಟೆಯಲ್ಲಿ ಬನ್ನಿ" ಎಂದು ಚೀಟಿ. ರಾತ್ರಿ ಎಂಟಕ್ಕೆ ಊಟ ಮುಗಿಸಿದ ಉಮ್ಮ, ಫಜರ್ ನಮಾಝ್ ಮುಗಿಸಿ, ಪ್ರತಿದಿನದಂತೆ ಸಕ್ಕರೆಯ ಮಾತ್ರೆಯನ್ನು ಒಂದು ಗುಟುಕು ನೀರಿನಲ್ಲಿ ನುಂಗಿ, ಮೊದಲ ಬಸ್ಸು ಹತ್ತಿದರು. ಆಸ್ಪತ್ರೆಯಲ್ಲಿ ಟೋಕನ್ ಸಿಕ್ಕಿತು, ಹದಿನಾಲ್ಕನೆಯದು. ಹತ್ತಾಯಿತು, ಹನ್ನೊಂದಾಯಿತು, ಹನ್ನೆರಡಾಯಿತು. ಉಮ್ಮನಿಗೆ ಬೆವರು, ಕೈ ನಡುಕ. ಮಗಳು ಕೌಂಟರಿಗೆ ಹೋಗಿ ಹೇಳಿದಳು, "ನಂಬರ್ ಬಂದಾಗ ಕರೆಯುತ್ತೇವೆ" ಎಂಬ ಉತ್ತರ. ಒಂದು ಗಂಟೆಗೆ ಸ್ವಲ್ಪ ಮೊದಲು ಉಮ್ಮ ಬೆಂಚಿನಿಂದ ಮುಗ್ಗರಿಸಿ ಬಿದ್ದರು, ಹಣೆ ಒಡೆಯಿತು. ಆಮೇಲೆ ಎಲ್ಲರೂ ಓಡಿ ಬಂದರು. ಗ್ಲುಕೋಸ್ ಹಾಕಿದರು, ಹಣೆಗೆ ಮೂರು ಹೊಲಿಗೆ ಹಾಕಿದರು. ರಾತ್ರಿ ವಾರ್ಡಿನಲ್ಲಿ ಉಳಿಸಿಕೊಂಡು ಮರುದಿನ ಬಿಲ್ ಕೊಟ್ಟು ಕಳುಹಿಸಿದರು.

ವೈದ್ಯರೊಬ್ಬರಲ್ಲಿ ಕೇಳಿ ತಿಳಿದುಕೊಂಡದ್ದನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಸಕ್ಕರೆ ಕಾಯಿಲೆಯವರು ಇಲ್ಲದ ಮನೆ ಈಗ ಎಲ್ಲಿದೆ? ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಜಾತಿಯ ಮಾತ್ರೆಗಳು ಹೊಟ್ಟೆಗೆ ಊಟ ಬಿದ್ದರೂ ಬೀಳದಿದ್ದರೂ ದೇಹದಲ್ಲಿ ಇನ್ಸುಲಿನ್ ಹೊರಡಿಸುತ್ತವೆ. ಊಟವಿಲ್ಲದಿದ್ದರೆ ರಕ್ತದ ಸಕ್ಕರೆ ಇಳಿಯುತ್ತದೆ. 70ಕ್ಕಿಂತ ಕೆಳಗೆ ಬಂದರೆ ಕಡಿಮೆ, 54ಕ್ಕಿಂತ ಕೆಳಗೆ ಬಂದರೆ ಗಂಭೀರ. ಬೆವರು, ನಡುಕ, ಹಸಿವು, ಮಾತು ತೊದಲುವುದು ಇದರ ಗುರುತು. ಎಚ್ಚರವಿದ್ದವರಿಗೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಬೇಕು, ಕಾಲು ಗಂಟೆಯಲ್ಲಿ ಮತ್ತೆ ನೋಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ಈ ಮಾತ್ರೆಯ ಪ್ರಭಾವ ಹಲವು ಗಂಟೆ ಉಳಿಯುವುದರಿಂದ, ಒಮ್ಮೆ ಏರಿದ ಸಕ್ಕರೆ ಮತ್ತೆ ಇಳಿಯಬಹುದು. ವಯಸ್ಸಾದವರನ್ನು ರಾತ್ರಿ ಉಳಿಸಿಕೊಳ್ಳುವುದು ಅದಕ್ಕೇ.

ಸರಿ, ಕಾಗದಕ್ಕೆ ಬರೋಣ. "ಒಳ್ಳೆಯ ಕನ್ನಡ" ಮಾಡಿಕೊಡು ಎಂದರೆ ಏನು ಮಾಡುವುದು? "ಅನಾನುಕೂಲವಾಗಿದ್ದಲ್ಲಿ" ಎಂಬುದನ್ನು "ನೋವಾಗಿದ್ದರೆ" ಎಂದು ಬದಲಾಯಿಸಬಹುದು, ಎರಡು ಮಧುರ ಪದ ಸೇರಿಸಬಹುದು. ಅದರಿಂದ ಕಾಗದ ಇನ್ನೂ ಕೆಡುತ್ತದೆ. ವಿಚಾರಿಸದೆ ಬರೆದ ಸಿಹಿ ಮಾತು, ವಿಚಾರಿಸದೆ ಬರೆದ ಒಣ ಮಾತಿಗಿಂತ ಹೆಚ್ಚು ಉರಿಸುತ್ತದೆ. ಆದ್ದರಿಂದ ನಾನು ಕರಡನ್ನು ಬದಿಗಿಟ್ಟು ದೂರನ್ನು ತೆಗೆದುಕೊಂಡೆ. ಶಾಲೆಯಲ್ಲಿ ಮಕ್ಕಳಿಗೆ ಉತ್ತರ ಪತ್ರಿಕೆ ಬರೆಯಲು ಕಲಿಸುವಾಗ ನಾವು ಹೇಳುವುದು ಒಂದೇ, ಮೊದಲು ಪ್ರಶ್ನೆ ಓದು. ಕೆಂಪು ಪೆನ್ನಿನಲ್ಲಿ ಮಗಳ ಪ್ರಶ್ನೆಗಳಿಗೆ ಗೆರೆ ಎಳೆಯುತ್ತಾ ಹೋದೆ.

ಖಾಲಿ ಹೊಟ್ಟೆ ಎಂದವರು ಮಾತ್ರೆಯ ವಿಷಯ ಏಕೆ ಹೇಳಲಿಲ್ಲ? ಒಂಬತ್ತಕ್ಕೆ ಕರೆದು ಒಂದರವರೆಗೆ ಏಕೆ ಕೂರಿಸಿದರು, ತಡವಾಗುತ್ತದೆ ಎಂದು ಏಕೆ ಹೇಳಲಿಲ್ಲ? ಮೂರು ಸಲ ಹೋಗಿ ಹೇಳಿದರೂ ಯಾರೂ ಏಕೆ ಬಂದು ನೋಡಲಿಲ್ಲ? ಅವರಲ್ಲೇ ಬಿದ್ದು ಪೆಟ್ಟಾದದ್ದಕ್ಕೆ ರಾತ್ರಿಯ ಬಾಡಿಗೆ ನಾವೇಕೆ ಕೊಡಬೇಕು? ನಾಲ್ಕು ಪ್ರಶ್ನೆಗಳು. ಕರಡಿನಲ್ಲಿ ಒಂದಕ್ಕೂ ಉತ್ತರವಿಲ್ಲ.

ಕೊನೆಯಲ್ಲಿ, ಸಹಿಗೆ ಸ್ವಲ್ಪ ಮೇಲೆ, ಪ್ರಶ್ನಾರ್ಥಕ ಚಿಹ್ನೆ ಇಲ್ಲದ ಒಂದು ಸಾಲಿತ್ತು. "ಅಂದಿನಿಂದ ಉಮ್ಮ ಹೇಳಿದ ಮಾತು ಮರೆಯುತ್ತಾರೆ, ಬೆಳಿಗ್ಗೆಯೂ ತೂಗಡಿಸುತ್ತಾರೆ, ಮೊದಲು ಹೀಗಿರಲಿಲ್ಲ."

"ಇದನ್ನು ಡಾಕ್ಟರು ಓದಿದ್ದಾರೆಯೇ?" ಎಂದು ಕೇಳಿದೆ.

"ದೂರು ಕಚೇರಿಗೆ ಬರುವುದು ಟೀಚರ್, ಡಾಕ್ಟರ ಹತ್ತಿರ ಹೋಗುವುದಿಲ್ಲ" ಎಂದಳು.

ಸಹೋದರಿಯರೇ, ನನಗೆ ವೈದ್ಯಕೀಯ ಗೊತ್ತಿಲ್ಲ. ಆದರೆ ತಲೆಗೆ ಪೆಟ್ಟು ಬಿದ್ದ ಮುದುಕಿ, ಮೂರು ವಾರ ಕಳೆದ ಮೇಲೆ ಮರೆವು, ತೂಗಡಿಕೆ. ಇದು ದೂರಲ್ಲ, ಇದು ರೋಗಲಕ್ಷಣ. ವಯಸ್ಸಾದವರಲ್ಲಿ ತಲೆಯೊಳಗೆ ನಿಧಾನವಾಗಿ ಜಿನುಗುವ ರಕ್ತ ವಾರಗಟ್ಟಲೆ ಕಳೆದ ಮೇಲೆ ಹೀಗೆಯೇ ತೋರಿಸಿಕೊಳ್ಳುವುದುಂಟು ಎಂದು ಆಮೇಲೆ ವೈದ್ಯರು ಹೇಳಿದರು. ಅವಳು ನನ್ನ ಜಗಲಿಯಿಂದಲೇ ಆಸ್ಪತ್ರೆಗೆ ಫೋನ್ ಮಾಡಿದಳು. ಕರ್ತವ್ಯದಲ್ಲಿದ್ದ ವೈದ್ಯರು ಆ ಮನೆಗೆ ಫೋನ್ ಮಾಡಿ, ಉತ್ತರಕ್ಕೆ ಕಾಯಬೇಡಿ, ಈಗಲೇ ಕರೆದುಕೊಂಡು ಬನ್ನಿ ಎಂದರು. ದೂರಿನ ಪತ್ರವನ್ನು ಮೊದಲು ಓದಬೇಕಾದದ್ದು ರೋಗಿಯ ಈಗಿನ ಸ್ಥಿತಿ ತಿಳಿಯಲು ಎಂಬುದು ಎಷ್ಟು ಆಸ್ಪತ್ರೆಗಳಿಗೆ ಹೊಳೆಯುತ್ತದೆ?

ತಲೆಯ ಸ್ಕ್ಯಾನಿಂಗಿನಲ್ಲಿ ರಕ್ತ ಕಾಣಲಿಲ್ಲ, ಅಲ್‌ಹಮ್ದುಲಿಲ್ಲಾಹ್. ಆದರೆ ಅಂದು ಕೂಡ ಸಕ್ಕರೆ 58 ಇತ್ತು. ಬಿಡುಗಡೆಯ ಚೀಟಿಯಲ್ಲಿ ಮಾತ್ರೆಯನ್ನು ಅರ್ಧಕ್ಕೆ ಇಳಿಸಿ ಎಂದು ಇಂಗ್ಲಿಷಿನಲ್ಲಿ ಬರೆದಿದ್ದರು. ಮನೆಯಲ್ಲಿ ಹಳೆಯ ಪಟ್ಟಿ ಮುಗಿದಿರಲಿಲ್ಲ, ಉಮ್ಮ ಅದನ್ನೇ ಇಡಿಯಾಗಿ ತಿನ್ನುತ್ತಿದ್ದರು. ಮೂರು ವಾರ ದಿನವೂ ಬೆಳಿಗ್ಗೆ ಸಕ್ಕರೆ ಇಳಿಯುತ್ತಿತ್ತು. "ಸೂಕ್ತ ಚಿಕಿತ್ಸೆ ನೀಡಲಾಗಿರುತ್ತದೆ" ಎಂಬ ಕರಡು ಹೋಗಿಬಿಟ್ಟಿದ್ದರೆ ಆ ಮಾತ್ರೆ ಹಾಗೆಯೇ ಮುಂದುವರಿಯುತ್ತಿತ್ತು.

ಇನ್ನು ಉಳಿದ ನಾಲ್ಕು ಪ್ರಶ್ನೆಗಳು. ಅವಕ್ಕೆ ಉತ್ತರ ನನ್ನ ಪೆನ್ನಿನಲ್ಲಿಲ್ಲ, ಆಸ್ಪತ್ರೆಯ ಪುಸ್ತಕಗಳಲ್ಲಿದೆ. "ಸಮಯ ತೆಗೆದುಕೊಂಡು ಬಾ" ಎಂದು ಅವಳನ್ನು ಕಳುಹಿಸಿದೆ. ಟೋಕನ್ ಕೊಟ್ಟ ಸಮಯ, ಸ್ಕ್ಯಾನಿಂಗ್ ಕೋಣೆಯ ಪುಸ್ತಕ, ತುರ್ತು ವಿಭಾಗದ ಪುಸ್ತಕ, ನರ್ಸ್‌ಗಳು ಸಕ್ಕರೆ ನೋಡಿ ಬರೆದಿಡುವ ಹಾಳೆ. ಕೌಂಟರಿನಲ್ಲಿದ್ದವರನ್ನು, ಆ ದಿನದ ನರ್ಸನ್ನು ಬೇರೆ ಬೇರೆಯಾಗಿ ಕೇಳಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಂಡು ಬಾ. ಮೂರು ದಿನದಲ್ಲಿ ಅವಳು ಬಂದಾಗ ಸಂಗತಿ ತಿಳಿಯಾಗಿತ್ತು. ಟೋಕನ್ 9.10ಕ್ಕೆ. 10.20ಕ್ಕೆ ಸ್ಕ್ಯಾನಿಂಗ್ ವೈದ್ಯರನ್ನು ತುರ್ತು ಹೆರಿಗೆ ಪ್ರಕರಣಕ್ಕೆ ಕರೆದಿದ್ದರು, ಅವರು ಮರಳಿದ್ದು 12.15ಕ್ಕೆ. ಈ ಎರಡು ಗಂಟೆ ಹೊರಗೆ ಕಾಯುತ್ತಿದ್ದವರಿಗೆ ಯಾರೂ ಏನೂ ಹೇಳಿರಲಿಲ್ಲ. 12.50ಕ್ಕೆ ಬಿದ್ದದ್ದು, 12.54ಕ್ಕೆ ಸಕ್ಕರೆ 41. ನೋಂದಣಿ ಮಾಡುವಾಗ ಸಕ್ಕರೆ ಕಾಯಿಲೆ ಇದೆಯೇ ಎಂದು ಕೇಳುವ ಪದ್ಧತಿಯೇ ಇರಲಿಲ್ಲ. ಕೌಂಟರಿನಾಕೆ, "ಹನ್ನೆರಡರ ಹೊತ್ತಿಗೆ ಒಮ್ಮೆ ಬಂದಿದ್ದರು, ಸುಸ್ತು ಎಂದರು" ಎಂದಳು. ಮಗಳು ಹೇಳುವುದು ಮೂರು ಸಲ.

ಇಲ್ಲಿ ಕರಡಿನ ದೊಡ್ಡ ದೋಷ ಕಾಣುತ್ತದೆ. "ಮಾತ್ರೆ ತಿಂದು ಊಟ ಮಾಡದಿರುವುದೇ ಕಾರಣ" ಎಂಬುದು ಸುಳ್ಳಲ್ಲ. ಆದರೆ ಊಟ ಮಾಡಬೇಡಿ ಎಂದವರು ಯಾರು? ನಿಜದ ಅರ್ಧವನ್ನು ಬರೆದು ನಿಲ್ಲಿಸಿದರೆ ಉಳಿದರ್ಧದ ಹೊರೆ ಓದುವವರ ತಲೆಯ ಮೇಲೆ ಬೀಳುತ್ತದೆ. ಉಮ್ಮ ತನ್ನ ತಪ್ಪಿನಿಂದಲೇ ಬಿದ್ದೆ ಎಂದುಕೊಳ್ಳುತ್ತಾರೆ, ಮಗಳು ಆ ಮಾತ್ರೆಯನ್ನು ಕೈಯಾರೆ ಕೊಟ್ಟವಳು ನಾನೇ ಎಂದು ಅಳುತ್ತಾಳೆ. ಸಾಲದ ವ್ಯವಹಾರವನ್ನು ಬರೆದಿಡುವವನು ನ್ಯಾಯವಾಗಿ ಬರೆಯಬೇಕು, ಹೇಳಿ ಬರೆಸುವವನು ಏನನ್ನೂ ಕಡಿಮೆ ಮಾಡಬಾರದು ಎಂಬ ಆದೇಶ ಸೂರಃ ಅಲ್ ಬಕರದ ಅತಿ ಉದ್ದದ ಆಯತ್ತಿನಲ್ಲಿದೆ ಎಂಬುದನ್ನು ಮದ್ರಸದಲ್ಲಿ ಕಲಿತ ನಮಗೆಲ್ಲ ಗೊತ್ತು. ನೂರು ರೂಪಾಯಿಯ ಲೆಕ್ಕಕ್ಕೇ ಅಷ್ಟು ಎಚ್ಚರವಾದರೆ ಇದಕ್ಕೆ ಎಷ್ಟಿರಬೇಕು!

ಎಲ್ಲ ಮಾಹಿತಿ ಕೈಗೆ ಬಂದ ಮೇಲೆ ಬರೆದ ಪತ್ರ ಇದು. ಹೆಸರುಗಳನ್ನು ಮಾತ್ರ ತೆಗೆದಿದ್ದೇನೆ.

"ಪ್ರಿಯ ಸಹೋದರಿ,

ನಿಮ್ಮ ಪತ್ರ ಓದಿದೆ. ನಸುಕಿನಲ್ಲಿ ಬಸ್ಸು ಹತ್ತಿ ಬಂದು, ಉಪವಾಸವಿದ್ದ ನಿಮ್ಮ ಉಮ್ಮನ ಪಕ್ಕದಲ್ಲಿ ನಾಲ್ಕು ಗಂಟೆ ಕುಳಿತು, ಅವರ ಕೈ ನಡುಗುವುದನ್ನು ನೋಡುತ್ತಾ, ಹೇಳಿದರೂ ಯಾರೂ ಬಾರದೆ, ಕೊನೆಗೆ ಅವರು ಬೀಳುವುದನ್ನು ನೀವು ನೋಡಬೇಕಾಯಿತು. ಅವರು ಬಿದ್ದ ಮೇಲಷ್ಟೇ ನಾವು ಬಂದೆವು ಎಂದು ನೀವು ಬರೆದಿದ್ದೀರಿ. ಅದು ನಿಜ. ಇದಕ್ಕಾಗಿ ನಿಮ್ಮಲ್ಲಿ ಮತ್ತು ನಿಮ್ಮ ಉಮ್ಮನಲ್ಲಿ ಕ್ಷಮೆ ಕೇಳುತ್ತೇನೆ.

ನಾವು ಆ ದಿನದ ಪುಸ್ತಕಗಳನ್ನು ನೋಡಿದೆವು, ಐದು ಮಂದಿ ಸಿಬ್ಬಂದಿಯನ್ನು ಕೇಳಿದೆವು. ತಿಳಿದದ್ದು ಇಷ್ಟು. ಉಮ್ಮ ಬಿದ್ದದ್ದು ರಕ್ತದಲ್ಲಿ ಸಕ್ಕರೆ ತೀರಾ ಇಳಿದದ್ದರಿಂದ. ಬಿದ್ದ ನಾಲ್ಕು ನಿಮಿಷಕ್ಕೆ ನೋಡಿದಾಗ ಅದು 41 ಇತ್ತು. ಬೆಳಿಗ್ಗೆ ತಿಂದ ಸಕ್ಕರೆಯ ಮಾತ್ರೆ, ಹೊಟ್ಟೆಗೆ ಏನೂ ಇಲ್ಲದಿದ್ದುದು, ಬಹಳ ಹೊತ್ತು ಕಾದದ್ದು, ಈ ಮೂರೂ ಸೇರಿ ಹಾಗಾಯಿತು. ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದು ನಾವು ಬರೆದುಕೊಟ್ಟೆವು, ಆ ದಿನ ಮಾತ್ರೆ ತಿನ್ನಬಾರದು ಎಂದು ಹೇಳಲಿಲ್ಲ. ಹೇಳಬೇಕಾದವರು ನಾವು. ನೀವಾಗಲಿ ಉಮ್ಮನಾಗಲಿ ತಪ್ಪು ಮಾಡಲಿಲ್ಲ.

ತಡವಾದದ್ದು ಸ್ಕ್ಯಾನಿಂಗ್ ವೈದ್ಯರು 10.20ರಿಂದ 12.15ರವರೆಗೆ ಒಂದು ತುರ್ತು ಹೆರಿಗೆಗೆ ಹೋಗಿದ್ದರಿಂದ. ಅವರು ಹೋಗಲೇಬೇಕಿತ್ತು. ಆದರೆ ಕಾಯುತ್ತಿದ್ದ ನಿಮಗೆ ಅದನ್ನು ತಿಳಿಸಲಿಲ್ಲ. ತಿಳಿಸಿದ್ದರೆ ನೀವು ಉಮ್ಮನಿಗೆ ಏನಾದರೂ ತಿನ್ನಿಸಿ ಇನ್ನೊಂದು ದಿನ ಬರಬಹುದಿತ್ತು.

ಮೂರು ಸಲ ಕೌಂಟರಿಗೆ ಹೋಗಿ ಹೇಳಿದೆ ಎಂದು ನೀವು ಬರೆದಿದ್ದೀರಿ. ಅಲ್ಲಿದ್ದ ಸಿಬ್ಬಂದಿಗೆ ಒಂದು ಸಲದ ನೆನಪಿದೆ. ಬರೆದಿಟ್ಟ ದಾಖಲೆ ಇಲ್ಲದ್ದರಿಂದ ಎಷ್ಟು ಸಲ ಎಂದು ನಾವು ತೀರ್ಮಾನಿಸಲಾರೆವು. ಒಂದೇ ಸಲ ಹೇಳಿದ್ದರೂ ನರ್ಸನ್ನು ಕರೆಯಬೇಕಿತ್ತು. ಕರೆಯಲಿಲ್ಲ.

ರಾತ್ರಿ ಉಳಿಸಿಕೊಂಡದ್ದು, ಆ ಮಾತ್ರೆಯಿಂದ ಸಕ್ಕರೆ ಮತ್ತೆ ಇಳಿಯುವ ಅಪಾಯವಿದ್ದುದರಿಂದ ಮತ್ತು ತಲೆಗೆ ಪೆಟ್ಟಾಗಿದ್ದರಿಂದ. ಅದನ್ನು ನಿಮಗೆ ಆಗಲೇ ಹೇಳಬೇಕಿತ್ತು. ಆ ರಾತ್ರಿಯ ವೆಚ್ಚ ನಿಮ್ಮದಲ್ಲ. ಪೂರ್ತಿ ಹಣ ಹಿಂದಿರುಗಿಸುತ್ತೇವೆ.

ಮಾತ್ರೆ ಅರ್ಧಕ್ಕೆ ಇಳಿದದ್ದನ್ನು ಬಿಡುಗಡೆಯ ದಿನ ನಿಮಗೆ ಯಾರೂ ಬಾಯಿಮಾತಿನಲ್ಲಿ ವಿವರಿಸಲಿಲ್ಲ. ಮೂರು ವಾರ ಉಮ್ಮನಿಗೆ ಅದರಿಂದ ತೊಂದರೆಯಾಯಿತು. ಇದಕ್ಕೂ ಕ್ಷಮೆ ಕೇಳುತ್ತೇನೆ. ಮೊನ್ನೆ ವೈದ್ಯರು ಮಾತ್ರೆ ಬದಲಾಯಿಸಿದ್ದಾರೆ. ಎರಡು ವಾರದ ಬಳಿಕ ಅವರೇ ಮತ್ತೆ ಉಮ್ಮನನ್ನು ನೋಡುತ್ತಾರೆ, ಮರೆವು ಕಡಿಮೆಯಾಗಿದೆಯೇ ಎಂದು ಪರೀಕ್ಷಿಸುತ್ತಾರೆ. ಆ ದಿನ ಟೋಕನ್ ಬೇಕಿಲ್ಲ, ಶುಲ್ಕವಿಲ್ಲ. ಅದಕ್ಕೂ ಮೊದಲು ತಲೆನೋವು, ವಾಂತಿ, ಎಬ್ಬಿಸಿದರೂ ಏಳದ ನಿದ್ದೆ ಕಂಡರೆ ಯಾವ ಹೊತ್ತಿನಲ್ಲಾದರೂ ಕರೆತನ್ನಿ.

ಇದೇ ತಿಂಗಳ ಕೊನೆಯೊಳಗೆ ಸ್ಕ್ಯಾನಿಂಗ್ ಚೀಟಿಯನ್ನು ಕನ್ನಡದಲ್ಲಿ ಮುದ್ರಿಸುತ್ತೇವೆ, ಸಕ್ಕರೆಯ ಮಾತ್ರೆಯ ಬಗ್ಗೆ ಮೊದಲ ಸಾಲಿನಲ್ಲೇ ಬರೆಯುತ್ತೇವೆ. ಸಕ್ಕರೆ ಕಾಯಿಲೆಯವರಿಗೆ ಬೆಳಗಿನ ಮೊದಲ ಟೋಕನ್‌ಗಳನ್ನು ಕೊಡುತ್ತೇವೆ. ತಡವಾದರೆ ಅರ್ಧ ಗಂಟೆಗೊಮ್ಮೆ ನರ್ಸ್ ಹೊರಗೆ ಬಂದು ಹೇಳುತ್ತಾರೆ. ಇದರ ಹೊಣೆ ನಮ್ಮ ನರ್ಸಿಂಗ್ ಮೇಲ್ವಿಚಾರಕಿಯವರದು. ಇದರಲ್ಲಿ ಏನಾಯಿತು, ಏನಾಗಲಿಲ್ಲ ಎಂದು ಎರಡು ತಿಂಗಳಲ್ಲಿ ನಿಮಗೆ ಬರೆದು ತಿಳಿಸುತ್ತೇನೆ.

ಈ ಪತ್ರದಲ್ಲಿ ನಿಮಗೆ ಒಪ್ಪಿಗೆಯಾಗದ್ದು ಇದ್ದರೆ ನನ್ನ ಫೋನಿಗೆ ಕರೆ ಮಾಡಿ. ಇದಕ್ಕಾಗಿ ಇಷ್ಟು ದೂರ ಬರಬೇಕಾಗಿಲ್ಲ. ನಮ್ಮ ಉತ್ತರ ಸಾಲದು ಎನಿಸಿದರೆ ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರಕ್ಕೆ ದೂರು ಕೊಡಬಹುದು."

ಕೆಳಗೆ ಆಸ್ಪತ್ರೆಯ ಮುಖ್ಯಸ್ಥರ ಹೆಸರು, ಸಹಿ, ನೇರ ಫೋನ್ ನಂಬರು.

ಈ ಪತ್ರ ಸುಲಭವಾಗಿ ಹೊರಗೆ ಹೋಗಲಿಲ್ಲ. "ಕ್ಷಮೆ" ಎಂಬ ಪದ ಬೇಡ, "ವಿಷಾದ" ಸಾಕು ಎಂದು ಅವರ ಕಾನೂನು ಸಲಹೆಗಾರರು ಪಟ್ಟು ಹಿಡಿದರಂತೆ. ಅವರ ಹೆದರಿಕೆಗೆ ಕಾರಣವಿದೆ. ಹಣ ಕೊಟ್ಟು ಪಡೆಯುವ ಚಿಕಿತ್ಸೆಯೂ ಗ್ರಾಹಕ ಕಾನೂನಿನ ಕೆಳಗೆ ಬರುತ್ತದೆ ಎಂದು 1995ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಂದಿನಿಂದ ಆಸ್ಪತ್ರೆಗಳು ಪ್ರತಿ ಕಾಗದವನ್ನೂ ನ್ಯಾಯಾಲಯದ ಕಣ್ಣಿನಿಂದ ನೋಡುತ್ತವೆ. ಇಂಗ್ಲೆಂಡಿನಲ್ಲಿ ಕ್ಷಮೆ ಕೇಳಿದ ಮಾತ್ರಕ್ಕೆ ತಪ್ಪೊಪ್ಪಿಗೆಯಾಗುವುದಿಲ್ಲ ಎಂದು 2006ರಲ್ಲಿ ಕಾನೂನಿನಲ್ಲೇ ಬರೆದರು. ನಮ್ಮಲ್ಲಿ ಅಂಥ ಪ್ರತ್ಯೇಕ ಕಾನೂನು ಇಲ್ಲ. ಆದರೆ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಆಸ್ಪತ್ರೆಯವರು 2001ರಿಂದ, ತಪ್ಪಾದಾಗ ತಾವಾಗಿಯೇ ಹೇಳಿ, ಕ್ಷಮೆ ಕೇಳಿ, ಪರಿಹಾರ ಕೊಡುವ ಕ್ರಮ ಹಿಡಿದರು. ಅನಂತರದ ವರ್ಷಗಳಲ್ಲಿ ಅವರ ಮೇಲಿನ ದಾವೆಗಳು ಹೆಚ್ಚಲಿಲ್ಲ, ಕಡಿಮೆಯಾದವು. ನನ್ನ ವಿದ್ಯಾರ್ಥಿನಿ ತನ್ನ ಮೇಲಧಿಕಾರಿಗೆ ಹೇಳಿದ್ದು ಇನ್ನೂ ಸರಳವಾಗಿತ್ತು: "ಸರ್, ಪುಸ್ತಕದಲ್ಲಿ ಸಮಯ ಬರೆದಿದೆ. ಲೋಪ ಕಂಡುಬಂದಿಲ್ಲ ಎಂಬ ಕಾಗದವನ್ನೂ ಆ ಪುಸ್ತಕವನ್ನೂ ಒಟ್ಟಿಗೆ ನೋಡಿದರೆ ಯಾವುದು ನಮಗೆ ಹೆಚ್ಚು ಕೆಟ್ಟದು?"

ನನ್ನ ಅಭಿಪ್ರಾಯದಲ್ಲಿ ವಿಷಯ ಪದದಲ್ಲಿಲ್ಲ, "ಇದ್ದಲ್ಲಿ" ಎಂಬ ಪ್ರತ್ಯಯದಲ್ಲಿದೆ. "ಅನಾನುಕೂಲವಾಗಿದ್ದಲ್ಲಿ" ಎನ್ನುವವನು ಆಗಿದೆಯೋ ಇಲ್ಲವೋ ಎಂಬ ಸಂಶಯವನ್ನು ಇಟ್ಟುಕೊಂಡೇ ವಿಷಾದಿಸುತ್ತಾನೆ. ತೌಬಾದ ಷರತ್ತುಗಳನ್ನು ನಾವು ಕಲಿತಿದ್ದೇವೆ. ಅಲ್ಲಾಹನಲ್ಲಿ ಕೇಳುವುದೊಂದು, ಮನುಷ್ಯರ ಹಕ್ಕಿಗೆ ಸಂಬಂಧಿಸಿದ ಹಕ್ಕುಲ್ ಇಬಾದ್ ಇನ್ನೊಂದು. ಎರಡನೆಯದರಲ್ಲಿ ಏನು ಮಾಡಿದೆ ಎಂದು ಆ ವ್ಯಕ್ತಿಯ ಮುಂದೆ ಒಪ್ಪಿಕೊಂಡು, ಕೊಡಬೇಕಾದದ್ದನ್ನು ಹಿಂದಿರುಗಿಸಬೇಕು. ಮೇಲಿನ ಪತ್ರದಲ್ಲಿ ಕ್ಷಮೆಯ ಪಕ್ಕದಲ್ಲಿ ಯಾವುದಕ್ಕೆ ಎಂದು ಬರೆದಿದೆ, ಹಾಗೆಯೇ ಯಾವುದಕ್ಕೆ ಕ್ಷಮೆ ಇಲ್ಲ ಎಂಬುದೂ ಕಾಣುತ್ತದೆ. ತುರ್ತು ಹೆರಿಗೆಗೆ ವೈದ್ಯರು ಹೋದದ್ದಕ್ಕೆ ಕ್ಷಮೆ ಕೇಳಿಲ್ಲ. ಕೇಳಬೇಕಾಗಿಯೂ ಇಲ್ಲ, ಅಲ್ಲಿ ಇನ್ನೊಬ್ಬ ತಾಯಿ ಇದ್ದಳು.

ಮೂರು ಸಲವೋ ಒಂದು ಸಲವೋ ಎಂಬ ಭಾಗದ ಬಗ್ಗೆಯೂ ಚರ್ಚೆಯಾಯಿತು. ಸಿಬ್ಬಂದಿಯನ್ನು ಬಿಟ್ಟುಕೊಡಬಾರದು ಎಂದು ಒಬ್ಬರು, ರೋಗಿಯ ಮನೆಯವರು ಹೇಳಿದ್ದನ್ನೇ ಒಪ್ಪಿಬಿಡೋಣ ಎಂದು ಇನ್ನೊಬ್ಬರು. ಎರಡೂ ಸರಿಯಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬರೆದರೆ ಉಳಿದ ಸಾಲುಗಳ ಮೇಲೆ ನಂಬಿಕೆ ಬರುತ್ತದೆ. ಕೌಂಟರಿನಾಕೆಯ ಹೆಸರು ಕೂಡ ಪತ್ರದಲ್ಲಿ ಬೇಕಿರಲಿಲ್ಲ. ಸಕ್ಕರೆ ಕಾಯಿಲೆ ಇದೆಯೇ ಎಂದು ಕೇಳಲು ಅವಳಿಗೆ ಯಾರೂ ಕಲಿಸಿರಲಿಲ್ಲ, ಅವಳ ಪಕ್ಕದಲ್ಲಿ ನರ್ಸೂ ಇರಲಿಲ್ಲ. ಅವಳೊಬ್ಬಳನ್ನು ಬೈದು ಮುಗಿಸಿದರೆ ಮರುದಿನ ಆ ಕುರ್ಚಿಯಲ್ಲಿ ಕೂರುವ ಇನ್ನೊಬ್ಬಳು ಅದನ್ನೇ ಮಾಡುತ್ತಾಳೆ.

ಒಂದು ಸಣ್ಣ ವಿಷಯ. ಮೊದಲಿಗೆ ಅವರು ಕೊನೆಯ ಭಾಗದಲ್ಲಿ "ಚರ್ಚೆಗೆ ಬೆಳಿಗ್ಗೆ ಹತ್ತಕ್ಕೆ ಕಚೇರಿಗೆ ಬರಬಹುದು" ಎಂದು ಬರೆದಿದ್ದರು. ನಮ್ಮ ಭಾಗಮಂಡಲದಿಂದ ಮಡಿಕೇರಿಗೇ ಸುಮಾರು 40 ಕಿ.ಮೀ. ತೋಟದ ಕೆಲಸಕ್ಕೆ ಹೋಗುವ ಹೆಂಗಸಿಗೆ ಪಟ್ಟಣಕ್ಕೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಮತ್ತು ಬಸ್ಸಿನ ಖರ್ಚು. ಅದಕ್ಕೇ ಫೋನ್ ನಂಬರು. ಪತ್ರವನ್ನು ಮುಗಿಸುವ ಮೊದಲು ನಾನು ಅದನ್ನು ನನ್ನ ಏಳನೆಯ ತರಗತಿಯ ಮಗನಿಂದ ಗಟ್ಟಿಯಾಗಿ ಓದಿಸಿದೆ. ಅವನು ಎಡವಿದ ಎರಡು ಕಡೆ ವಾಕ್ಯ ಒಡೆದೆ. ಮನೆಗಳಲ್ಲಿ ಇಂಥ ಪತ್ರವನ್ನು ಓದುವುದು ಮಕ್ಕಳೇ ತಾನೆ.

ನಿಮ್ಮಲ್ಲಿ ಯಾರಿಗಾದರೂ ಇಂಥ ದೂರು ಬರೆಯುವ ಪ್ರಸಂಗ ಬಂದರೆ, ಅಲ್ಲಾಹನು ಅದನ್ನು ದೂರವಿಡಲಿ, ನಡೆದದ್ದನ್ನು ಗಂಟೆಯ ಸಮೇತ ಬರೆಯಿರಿ, ಪ್ರಶ್ನೆಗಳಿಗೆ ನಂಬರು ಹಾಕಿ. ರೋಗಿಗೆ ಈಗಲೂ ತೊಂದರೆ ಇದ್ದರೆ ಅದನ್ನು ಕೊನೆಗೆ ಇಡಬೇಡಿ, ಮೊದಲ ಸಾಲಿನಲ್ಲಿ ಬರೆಯಿರಿ. ಕಾಗದಕ್ಕೆ ಕಾಯದೆ ವೈದ್ಯರ ಹತ್ತಿರ ಹೋಗಿ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ, ದೂರಿನ ಫಲಿತಾಂಶವನ್ನು 15 ದಿನದೊಳಗೆ ಬರಹದಲ್ಲಿ ಪಡೆಯುವುದು ರೋಗಿಯ ಹಕ್ಕು ಎಂದಿದೆ. ಚಿಕಿತ್ಸೆಯ ದಾಖಲೆಗಳನ್ನು ಬರೆದು ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂಬುದು ವೈದ್ಯರ ನಡತೆಗೆ ಸಂಬಂಧಿಸಿದ 2002ರ ನಿಯಮಗಳಲ್ಲಿದೆ. ಉತ್ತರ ಬಂದ ಮೇಲೆ ನಿಮ್ಮ ದೂರಿನ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು, ಯಾವ ನಂಬರಿಗೆ ಉತ್ತರ ಬಂದಿದೆ, ಯಾವುದಕ್ಕಿಲ್ಲ ಎಂದು ಗುರುತು ಹಾಕಿ. ಉಳಿದ ನಂಬರುಗಳನ್ನು ಮಾತ್ರ ಬರೆದು ಮತ್ತೆ ಕಳುಹಿಸಿ. ಎರಡನೆಯ ಸಲ ಅವರಿಗೆ ತಪ್ಪಿಸಿಕೊಳ್ಳುವುದು ಕಷ್ಟ.

ಪತ್ರ ಆ ಮನೆಗೆ ತಲುಪಿದ್ದು ಹದಿನಾಲ್ಕನೆಯ ದಿನ. ಮಗಳು ಫೋನ್ ಮಾಡಿದ್ದು ಬಿಲ್ಲಿನ ಬಗ್ಗೆ ಅಲ್ಲ, ಪರಿಹಾರದ ಬಗ್ಗೆಯೂ ಅಲ್ಲ. "ತಪ್ಪು ನಮ್ಮದಲ್ಲ ಎಂದು ಬರೆದಿರುವ ಆ ಸಾಲನ್ನು ಉಮ್ಮ ನಾಲ್ಕು ಸಲ ಓದಿಸಿಕೊಂಡರು" ಎಂದಳಂತೆ. ಜೊತೆಗೆ, ತಾನು ಹೋದದ್ದು ಮೂರೇ ಸಲ, ಅದನ್ನು ಹಾಗೆಯೇ ಬರೆದುಕೊಳ್ಳಿ ಎಂದೂ ಹೇಳಿದಳು. ಬರೆದುಕೊಂಡು ಕಡತದಲ್ಲಿ ಸೇರಿಸಿದ್ದಾರೆ.

ಎರಡು ತಿಂಗಳು ಕಳೆದು ಎರಡನೆಯ ಪತ್ರವೂ ಬಂತು, ಅರ್ಧ ಪುಟದ್ದು. ಕನ್ನಡದ ಚೀಟಿ ಬಳಕೆಗೆ ಬಂದಿದೆ, ಅದರ ಒಂದು ಪ್ರತಿ ಲಗತ್ತಿಸಿದೆ. ಸಕ್ಕರೆ ಕಾಯಿಲೆಯವರಿಗೆ ಬೆಳಗಿನ ಟೋಕನ್ ಕೊಡುತ್ತಿದ್ದೇವೆ. ಅರ್ಧ ಗಂಟೆಗೊಮ್ಮೆ ನರ್ಸ್ ಹೊರಗೆ ಬಂದು ಹೇಳುವುದು ವಾರದ ಎಲ್ಲ ದಿನ ನಡೆಯುತ್ತಿಲ್ಲ, ಸೋಮವಾರ ಜನ ಹೆಚ್ಚಿರುವುದರಿಂದ ತಪ್ಪುತ್ತಿದೆ. ಆ ದಿನಕ್ಕೆ ಇನ್ನೊಬ್ಬ ನರ್ಸನ್ನು ಹಾಕಲು ಮುಂದಿನ ತಿಂಗಳಿನ ಪಾಳಿಯಲ್ಲಿ ಬದಲಾವಣೆ ಮಾಡುತ್ತಿದ್ದೇವೆ. ಉಮ್ಮನ ಸಕ್ಕರೆ ಈಗ ಇಳಿಯುತ್ತಿಲ್ಲ, ತೂಗಡಿಕೆ ಹೋಗಿದೆ, ಮರೆವು ಸ್ವಲ್ಪ ಉಳಿದಿದೆ. ಅದಕ್ಕೆ ಮುಂದಿನ ತಪಾಸಣೆಯ ದಿನಾಂಕವನ್ನು ಕೆಳಗೆ ಬರೆದಿದ್ದಾರೆ.